ಅರ್ಥವಾಗುತ್ತದೆ, ಆಡುವುದಿಲ್ಲ

"ಮಗಳಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಏನು ಮಾಡೋಣ?"

ಪುಣೆಯ ಕೊಥ್ರೂಡಿನ ಹೌಸಿಂಗ್ ಸೊಸೈಟಿಯೊಂದರಲ್ಲಿ ಕನ್ನಡ ಪಾಲಕರೊಡನೆ ಮಾತನಾಡುವಾಗ ನಾನು ಹೇಳಿದ್ದು ಇಷ್ಟು: ಮಗು ಬೇರೆ ಭಾಷೆಯಲ್ಲಿ ಉತ್ತರಿಸಿದ ಮರುಕ್ಷಣ ನೀವೇನು ಮಾಡುತ್ತೀರಿ ಎಂಬುದನ್ನು ಮೊದಲು ಗಮನಿಸಿ. ನಾರ್ವೆಯಲ್ಲಿ ದ್ವಿಭಾಷಿಕ ಮಕ್ಕಳನ್ನು ಅಭ್ಯಸಿಸಿದ ಎಲಿಜಬೆತ್ ಲಾಂಜಾ ಅವರು ಪಾಲಕರ ಇಂಥ ಪ್ರತಿಕ್ರಿಯೆಗಳನ್ನು ವಿಂಗಡಿಸಿ, ಮಗು ಯಾವ ಭಾಷೆಯನ್ನು ಆರಿಸಿಕೊಳ್ಳಬೇಕೆಂಬ ಸೂಚನೆ ಅವುಗಳಲ್ಲೇ ಇರುತ್ತದೆ ಎಂದು ತೋರಿಸಿದರು.

ಊಟದ ಹೊತ್ತಿನಲ್ಲಿ ಐದು ವರ್ಷದ ಮಗಳು "ಮಲಾ ಪಾಣಿ ಪಾಹಿಜೆ" ಎನ್ನುತ್ತಾಳೆ ಎಂದುಕೊಳ್ಳಿ. ನೀವು ಸುಮ್ಮನೆ ಲೋಟ ಮುಂದಿಟ್ಟರೆ, ಕನ್ನಡವಿಲ್ಲದೆಯೂ ಕೆಲಸ ನಡೆಯುತ್ತದೆಂದು ಅವಳಿಗೆ ಮನದಟ್ಟಾಗುತ್ತದೆ. "ನೀರು ಬೇಕಾ?" ಎಂದು ಕೇಳಿದರೆ ಅವಳ ಕಿವಿಗೆ ಕನ್ನಡ ಬೀಳುತ್ತದೆ, ಆದರೆ ಅವಳು "ಹೂಂ" ಎಂದು ಮುಗಿಸಿಬಿಡಬಹುದು. "ನೀರು ಬೇಕೋ, ಮಜ್ಜಿಗೆ ಬೇಕೋ?" ಎಂದರೆ ಮಾತ್ರ ಅವಳು ಒಂದು ಪದವನ್ನಾದರೂ ಆಡಲೇಬೇಕು, ಬೇಕಾದ ಪದಗಳೆರಡನ್ನೂ ಪ್ರಶ್ನೆಯೇ ಅವಳ ಮುಂದಿಟ್ಟಿರುವುದರಿಂದ ತಡವರಿಸುವ ಕಾರಣವಿಲ್ಲ. ಅವಳು "ನೀರು" ಎಂದರೆ "ನೀರು ಬೇಕಾ, ತಗೋ" ಎಂದು ಕೊಟ್ಟುಬಿಡಿ. ಕೆಲವು ದಿನಗಳ ನಂತರ "ಏನು ಬೇಕು?" ಎಂದಷ್ಟೇ ಕೇಳಿ, ಪದವನ್ನು ಅವಳೇ ಹುಡುಕಿಕೊಳ್ಳಲು ಬಿಡಿ.

ಇದಕ್ಕೆ ಮಿತಿಗಳಿವೆ. ಮಗು ಅಳುತ್ತಿರುವಾಗ, ಶಾಲೆಯಲ್ಲಾದ ನೋವನ್ನು ಹೇಳಿಕೊಳ್ಳುತ್ತಿರುವಾಗ ಭಾಷೆಯ ಗೊಡವೆ ಬೇಡವೇ ಬೇಡ. ಅದು ಯಾವ ಭಾಷೆಯಲ್ಲಿ ಹೇಳಿದರೂ ಪೂರ್ತಿ ಕೇಳಿಸಿಕೊಳ್ಳಿ, ನೀವು ಮಾತ್ರ ಕನ್ನಡದಲ್ಲೇ ಸಮಾಧಾನ ಹೇಳಿ. ಹತ್ತು ದಾಟಿದ ಮಕ್ಕಳೆದುರು ಅರ್ಥವಾಗದವರಂತೆ ನಟಿಸುವುದೂ ಸಲ್ಲದು, ನಿಮಗೆ ಮರಾಠಿ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು. ಅಂಥವರಿಗೆ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡಿ ಅಡುಗೆಯೊಂದರ ವಿಧಾನವನ್ನು ಕೇಳಿಕೊಳ್ಳುವಂಥ, ಕನ್ನಡವಿಲ್ಲದೆ ಆಗದ ನಿಜವಾದ ಕೆಲಸವನ್ನೇ ಒಪ್ಪಿಸಬೇಕು.

ಪದಗಳ ಬೆರಕೆಗೆ ಹೆದರಬೇಡಿ. "ನಾಳೆ ಮ್ಯಾಥ್ಸ್ ಟೆಸ್ಟ್ ಇದೆ" ಎಂಬುದು ಕನ್ನಡದ ವಾಕ್ಯವೇ, ಏಕೆಂದರೆ ಅದರ ಕ್ರಿಯಾಪದ ಕನ್ನಡದ್ದು. ಅದನ್ನು ತಿದ್ದಲು ಹೊರಟರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ಇನ್ನು ತಂದೆತಾಯಿಗಳ ಪರಸ್ಪರ ಮಾತು. ಬೆಲ್ಜಿಯಂನ ಡಚ್ ಭಾಷಿಕ ಪ್ರದೇಶದಲ್ಲಿ ಮನೆಯಲ್ಲಿ ಬೇರೆ ಭಾಷೆಯೂ ಇದ್ದ ಸುಮಾರು 1,900 ಕುಟುಂಬಗಳನ್ನು ಕುರಿತು ಅನಿಕ್ ಡಿ ಹೌವರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಕಾಲುಭಾಗ ಕುಟುಂಬಗಳ ಮಕ್ಕಳು ಆ ಮನೆಭಾಷೆಯನ್ನು ಆಡುತ್ತಿರಲಿಲ್ಲ. ತಂದೆತಾಯಿ ಇಬ್ಬರೂ ಮನೆಭಾಷೆಯನ್ನು ಬಳಸುತ್ತಿದ್ದ ಕಡೆ ಮಕ್ಕಳೂ ಅದನ್ನು ಆಡುವುದು ಹೆಚ್ಚಾಗಿತ್ತು. ಹಾಗಾಗಿ ಮಗುವಿನೊಡನೆ ಕನ್ನಡವನ್ನಾಡಿ, ನೀವಿಬ್ಬರು ಇಂಗ್ಲಿಷಿನಲ್ಲಿ ಲೆಕ್ಕಾಚಾರ ಮಾತನಾಡಿಕೊಳ್ಳುವ ರೂಢಿಯಿದ್ದರೆ, ಬದಲಾವಣೆಯನ್ನು ಅಲ್ಲಿಂದಲೇ ಆರಂಭಿಸಿ.