ವೈರು ಹಿಡ್ಕೊಂಡು ಬರುವ ನೀರು

ಈ ವಾರದ ಮಳೆಗೆ ನಮ್ಮ ಗೇಟಿನ ಕಡೆಯ ಕ್ಯಾಮೆರಾ ಬಂದ್ ಆಯಿತು. ಒಳಗೆ ವೈರು ಬರುವ ತೂತಿನ ಕೆಳಗೆ ಗೋಡೆಯಿಡೀ ಒದ್ದೆ. ಫಿಟ್ ಮಾಡಿದ ಹುಡುಗನಿಗೆ ಫೋನ್ ಮಾಡಿದರೆ ಒಂದೇ ಮಾತು, "ಸಿಲಿಕಾನ್ ಹಾಕಿದ್ದೇನಲ್ಲ ಅಕ್ಕ, ನೀರು ಎಲ್ಲಿಂದ ಬರ್ತದೆ?"

ಪಕ್ಕದ ಮನೆಯ ವೈರಿಂಗ್ ಅಣ್ಣ ಏಣಿ ಹತ್ತಿ ನೋಡಿದರು. ಮಾಡಿನ ಕೆಳಗಿಂದ ಬಂದ ವೈರು ನೇರ ತೂತಿನೊಳಗೆ ಇಳಿದಿತ್ತು. ಅದರ ಮೇಲೆ ಬೆರಳು ಓಡಿಸುತ್ತಾ, "ನೋಡಿ, ನೀರು ವೈರು ಹಿಡ್ಕೊಂಡು ಬರ್ತದೆ" ಅಂದರು. ಸಿಲಿಕಾನಿನ ಅಂಚಿಗೆ ಉಗುರು ಹಾಕಿದರೆ ಅದು ಪಟ್ಟಿಯ ಹಾಗೆ ಪೂರ್ತಿ ಎದ್ದು ಬಂತು, ಹಿಂದೆಲ್ಲ ಸುಣ್ಣದ ಪುಡಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್, ಸಿಮೆಂಟಿನ ಮೇಲೆ, ಸುಣ್ಣದ ಮೇಲೆ ಸರಿಯಾಗಿ ಹಿಡಿಯುವುದಿಲ್ಲವಂತೆ, ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರುವುದೇ ಬೇಕಂತೆ.

ಕ್ಯಾಮೆರಾ ಬಂದ್ ಆದದ್ದು ಮಾತ್ರ ಬೇರೆ ಕಡೆ. ವೈರು ಕೂಡಿಸುವ ಕನೆಕ್ಟರಿಗೆ ಸುಮ್ನೆ ಇನ್ಸುಲೇಶನ್ ಟೇಪ್ ಸುತ್ತಿ ಹೊರಗೇ ನೇತು ಬಿಟ್ಟಿದ್ದರು. ಬಿಚ್ಚಿ ನೋಡಿದರೆ ಒಳಗಿನ ಪಿನ್ನುಗಳೆಲ್ಲ ಹಸಿರು.

ಹಳೆಯ ತೂತು ಒಳಮುಖವಾಗಿ ಇಳಿದಿತ್ತು, ಅದನ್ನು ಸಿಮೆಂಟ್ ತುಂಬಿ ಮುಚ್ಚಿದರು. ಹೊಸದನ್ನು ಒಳಗಿಂದಲೇ ಕೊರೆದರು, ಹೊರಬದಿ ಸುಮಾರು ಅರ್ಧ ಇಂಚು ತಗ್ಗು ಬರುವ ಹಾಗೆ. ನಮ್ಮದು ಮುರಕಲ್ಲಿನ ಗೋಡೆ. ಕ್ಯಾಮೆರಾದ ಸ್ಕ್ರೂಗಳಿಗೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿಯೇ ಕೊರೆದರು, ಇಲ್ಲದಿದ್ದರೆ ಕಲ್ಲು ಉದುರಿ ತೂತು ದೊಡ್ಡದಾಗಿ ಪ್ಲಗ್ ತಿರುಗುತ್ತದೆ. ಪ್ಲಗ್ ಗಾರೆಯಲ್ಲಿ ನಿಂತರೆ ಸಾಲದು, ಕಲ್ಲಿನೊಳಗೇ ಹೋಗಬೇಕು ಅಂತ ಉದ್ದದ್ದನ್ನೇ ಹಾಕಿ, ಕೈಯಲ್ಲಿ ಜಗ್ಗಿ ನೋಡಿದರು.

ಕನೆಕ್ಟರು ಈಗ ಪ್ಲಾಸ್ಟಿಕ್ ಡಬ್ಬಿಯೊಳಗಿದೆ. ಅದರ ವೈರುಗಳೆಲ್ಲ ಅಡಿಯಿಂದಲೇ ಒಳಗೆ ಹೋಗುತ್ತವೆ. ತೂತಿಗಿಂತ ಒಂದು ಗೇಣು ಕೆಳಗೆ ವೈರನ್ನು ಇಳಿಸಿ, ಬಗ್ಗಿಸಿ, ಮತ್ತೆ ಮೇಲೆ ತಂದು ಒಳಗೆ ತೂರಿಸಿದರು. ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಮೇಲೆ ಹತ್ತುವುದಿಲ್ಲ ಅಲ್ವಾ! ಬಿಸಿಲು ಬಂದ ಮಧ್ಯಾಹ್ನ ಪಾಚಿ ಕೆರೆದು, ಗೋಡೆ ಒಣಗಿದ ಮೇಲೆ ತೂತಿನ ಸುತ್ತ ಸಿಲಿಕಾನ್ ಹಾಕಿದರು. ಡಬ್ಬಿಗೆ ಮಾತ್ರ ಮೇಲೆ ಮತ್ತು ಎರಡು ಬದಿ ಅಷ್ಟೇ. ಅಡಿ ಬಿಟ್ಟರು. ಹೇಗೋ ಒಳಗೆ ಹೋದ ನೀರು ಹೊರಗೆ ಬರಲಿಕ್ಕೂ ದಾರಿ ಬೇಕು.

"ನೀರು ಎಲ್ಲಿಂದ ಬರ್ತದೆ?" ಆ ಮಾತು ಇನ್ನೂ ಕಿವಿಯಲ್ಲಿದೆ. ಸಿಟ್ಟು ಬರುತ್ತದೆ, ಬಂದು ಒಮ್ಮೆ ನೋಡಬಹುದಿತ್ತು. ಆದರೆ ಹುಡುಗ ಕೆಟ್ಟವನಲ್ಲ. ಅವನಿಗೆ ಕ್ಯಾಮೆರಾದ ಲೆಕ್ಕದಲ್ಲಿ ದುಡ್ಡು. ವೈರು ಬಗ್ಗಿಸುತ್ತಾ ನಿಂತರೆ ಮುಂದಿನ ಮನೆಗೆ ತಡ. ಕಲಿಸಬೇಕಾದ ಮಾಲೀಕ ಅಂಗಡಿಯಲ್ಲಿ ಕೂತು ಪಿಕ್ಚರ್ ಎಷ್ಟು ಕ್ಲಿಯರ್ ಅಂತ ತೋರಿಸುತ್ತಾನೆ. ಕೊಳ್ಳುವವರು ಕೇಳುವುದೂ ಅದನ್ನೇ. ತೂತು ಯಾವ ಕಡೆ ಇಳಿಯುತ್ತದೆ ಅಂತ ಯಾರು ಕೇಳುತ್ತಾರೆ?

ಹಿತ್ತಲಿನ ಕ್ಯಾಮೆರಾವೂ ಅದೇ ಹುಡುಗ ಹಾಕಿದ್ದು, ವೈರು ಅಲ್ಲೂ ನೇರವಾಗಿಯೇ ಇಳಿದಿದೆ. ಮಳೆ ಸ್ವಲ್ಪ ಬಿಟ್ಟರೆ ಅಣ್ಣ ಭಾನುವಾರ ಏಣಿ ತರುತ್ತಾರೆ.