ಬರ್ಗಂಡಿ ಎಲ್ಲಿ ಹೋಯ್ತು? (ಪ್ಯಾಲೆಟ್ ಪ್ರಾಜೆಕ್ಟ್, ಮೂರನೇ ಕಂತು)

ಮೂರು ವಾರ ತಲೆ ತಿಂದ ಗಂಟು ಮೊನ್ನೆ ರಾತ್ರಿ ಬಿಚ್ಚಿಕೊಂಡಿತು. ಕಾರಣ ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಟ ಇಷ್ಟೇ. ಮುಗಿದುಹೋದ ಫ್ಯಾಷನ್ ಸೀಸನ್ ಒಂದನ್ನು ಹಿಡಿದು, ಮುಂದೆ ಯಾವ ಬಣ್ಣ ಓಡುತ್ತೆ ಅಂತ ಹೇಳುವ ಫೋರ್‌ಕಾಸ್ಟರ್‌ಗಳ ಹಾಗೆ ಅದರ ಪ್ಯಾಲೆಟ್, ಅಂದರೆ ಮುಖ್ಯ ಬಣ್ಣಗಳ ಪಟ್ಟಿ, ತೆಗೆಯುವುದು. ನಾನು ಆರಿಸಿಕೊಂಡಿದ್ದು 2024ರ ಫೆಬ್ರವರಿ, ಮಾರ್ಚ್ ಶೋಗಳನ್ನು. ಉತ್ತರ ಮೊದಲೇ ಗೊತ್ತಿತ್ತು. ಆ ಬಟ್ಟೆಗಳು ಅಂಗಡಿಗೆ ಬಂದ ಚಳಿಗಾಲದಲ್ಲಿ ಎಲ್ಲಿ ನೋಡಿದರೂ ಬರ್ಗಂಡಿ ಅನ್ನೋ ಗಾಢ ವೈನ್ ಕೆಂಪು, ಜೊತೆಗೆ ಕಂದು. ಡಿಸೆಂಬರ್‌ನಲ್ಲಿ, ಬಣ್ಣಗಳಿಗೆ ನಂಬರ್ ಕೊಡುವ ಪ್ಯಾಂಟೋನ್ ಕಂಪನಿ ಕೂಡ 2025ರ ಬಣ್ಣ ಅಂತ ಮೋಕಾ ಮೂಸ್ (17-1230) ಅನ್ನೋ ಕಂದನ್ನು ಘೋಷಿಸಿತು. ನನ್ನ ಲೆಕ್ಕ ಇದನ್ನು ಹಿಡಿಯುತ್ತಾ ಅನ್ನೋದೇ ಪರೀಕ್ಷೆ.

20 ಬ್ರ್ಯಾಂಡ್, ತಲಾ 10 ಫೋಟೋ. ಪಿಕ್ಸೆಲ್‌ಗಳನ್ನು ಗುಂಪು ಮಾಡಿ ಆರು ಬಣ್ಣ ಕೊಡು ಅಂತ ಕೋಡಿಗೆ ಹೇಳಿದೆ. ಕಪ್ಪು, ಬೂದು, ಇನ್ನೊಂದು ಬೂದು, ಬೇಜ್, ಚರ್ಮದ ಬಣ್ಣ, ಕೊನೆಗೆ ನೀರು ಜಾಸ್ತಿಯಾದ ಸಾರಿನಂಥದ್ದೊಂದು. ಹಿನ್ನೆಲೆ ಕತ್ತರಿಸಿದೆ, ಮುಖ ಕೈಕಾಲು ಅಳಿಸಿದೆ. ಬೇಜ್ ಹೋಯ್ತು, ಆದರೂ ಬರ್ಗಂಡಿಯ ಪತ್ತೆ ಇಲ್ಲ.

ಬೇಸತ್ತು ಕೋಡ್ ಮುಚ್ಚಿ, ಫೋಟೋಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಿದೆ. ಅಲ್ಲೇ ಇತ್ತು ಕಳ್ಳ! ಆದರೆ ಕೋಟಿನಲ್ಲಿ ಅಪರೂಪ. ಬ್ಯಾಗಿನಲ್ಲಿ, ಶೂನಲ್ಲಿ, ಗ್ಲೌಸಿನಲ್ಲಿ, ಕಾಲಿನ ಟೈಟ್ಸಿನಲ್ಲಿ ಕೂತಿತ್ತು. ಅರ್ಧ ಚಿತ್ರ ನುಂಗಿದ ಕರಿ ಕೋಟಿನ ಪಕ್ಕ ಒಂದು ಪುಟ್ಟ ಬ್ಯಾಗು ಎಷ್ಟು ಪಿಕ್ಸೆಲ್ ತಾನೇ? ಗುಂಪು ಮಾಡುವಾಗ ಅದು ಕಪ್ಪಿನ ಜೊತೆ, ಕಂದಿನ ಜೊತೆ ಕಲಸಿಹೋಗಿತ್ತು. ಆ ಸಾರಿನ ಬಣ್ಣ ಬಂದಿದ್ದೇ ಹಾಗೆ.

ಅಂದರೆ ನಾನು ಅಳೆಯುತ್ತಿದ್ದುದೇ ತಪ್ಪು. ಬಣ್ಣ ಎಷ್ಟು ಜಾಗ ಹಿಡಿದಿದೆ ಅನ್ನೋದಕ್ಕಿಂತ, ಎಷ್ಟು ಬ್ರ್ಯಾಂಡ್‌ಗಳು ತಮ್ಮಷ್ಟಕ್ಕೆ ತಾವು ಅದನ್ನು ಮುಟ್ಟಿವೆ ಅನ್ನೋದು ಮುಖ್ಯ. ಹಾಗಾಗಿ ಪ್ರತಿ ಉಡುಪು, ಪ್ರತಿ ಬ್ಯಾಗಿನ ಬಣ್ಣವನ್ನು ಕೈಯಾರೆ ಗುರುತಿಸಿ, ಒಂದು ಬ್ರ್ಯಾಂಡಿಗೆ ಒಂದು ಬಣ್ಣದಲ್ಲಿ ಒಂದೇ ಓಟು ಕೊಟ್ಟೆ. ಕಪ್ಪು ಪ್ರತಿ ವರ್ಷ ಗೆಲ್ಲುವ ಹಳೇ ಶಾಸಕರ ಹಾಗೆ, ಅದರಿಂದ ಏನೂ ತಿಳಿಯಲ್ಲ. ಅದಕ್ಕೇ 2023ರ ಶೋಗಳಿಗೂ ಹೀಗೇ ಓಟು ಹಾಕಿಸಿ ವ್ಯತ್ಯಾಸ ತೆಗೆದೆ. ಬರ್ಗಂಡಿ ಥಟ್ ಅಂತ ಮೇಲೆ ಬಂತು. ಹಿಂದೆಯೇ ಕಂದು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಖುಷಿಯಲ್ಲಿ ಬೀದಿಯ ಫೋಟೋಗಳನ್ನೂ ಸೇರಿಸಿದೆ, ಶೋ ನಡೆಯುವ ಜಾಗದ ಹೊರಗೆ ತೆಗೆಯುತ್ತಾರಲ್ಲ, ಅವು. ಅಲ್ಲೂ ಬರ್ಗಂಡಿ! ಎರಡನೇ ಸಾಕ್ಷಿ ಸಿಕ್ಕಿತು ಅಂತ ಕುಣಿದೆ. ಜೂಮ್ ಮಾಡಿದರೆ ಒಂದೇ ಗುಚ್ಚಿ ಬ್ಯಾಗು ಐದಾರು ಜನರ ಕೈಯಲ್ಲಿ. ಗುಚ್ಚಿಯಲ್ಲಿ ಡಿಸೈನರ್ ಸಬಾಟೊ ಡಿ ಸಾರ್ನೊ 2023ರ ಸೆಪ್ಟೆಂಬರ್‌ನ ತಮ್ಮ ಮೊದಲ ಶೋನಲ್ಲೇ ‘ಆಂಕೋರಾ’ ಅನ್ನೋ ಗಾಢ ಕೆಂಪನ್ನು ಬ್ರ್ಯಾಂಡಿನ ಗುರುತು ಮಾಡಿದ್ದರು. ಶೋಗೆ ಬರುವ ದೊಡ್ಡ ಅತಿಥಿಗಳಿಗೆ ಬ್ರ್ಯಾಂಡ್‌ಗಳೇ ಬಟ್ಟೆ, ಬ್ಯಾಗು ಕೊಡುವುದು ಮಾಮೂಲು. ಹಾಗಿದ್ದಾಗ ಆ ಬೀದಿ ರನ್‌ವೇಯ ನೆರಳಷ್ಟೇ. ಒಂದೇ ಓಟನ್ನು ಎರಡು ಸಲ ಎಣಿಸುತ್ತಿದ್ದೆ.

ಗುಲಾಬಿ ಬಣ್ಣದ ಕಥೆ ಬೇರೆ. 2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ವ್ಯಾಲೆಂಟಿನೊ ಶೋ ಬಹುಪಾಲು ಗುಲಾಬಿಯಾಗಿತ್ತು. ಅದೇ ವರ್ಷ ಜೂನ್‌ನಲ್ಲಿ ‘ಬಾರ್ಬಿ’ ಚಿತ್ರದ ಶೂಟಿಂಗ್ ಫೋಟೋಗಳು ಹೊರಬಿದ್ದವು. ಎರಡೂ ಬೇರೆ ಬೇರೆ ಮೂಲ, ಎರಡೂ ಸೇರಿ ಬಣ್ಣವನ್ನು ಎಳೆದವು. ಇದು ಸಾಕ್ಷಿ. ಇನ್ನು ಮೇಲೆ ಶೋ ಟಿಕೆಟ್ ಇಲ್ಲದ ಜನರ ಫೋಟೋ ಮಾತ್ರ ಎಣಿಸುವುದು: ಮೆಟ್ರೊ, ಕಾಲೇಜು, ಸೆಕೆಂಡ್ ಹ್ಯಾಂಡ್ ಅಂಗಡಿ.

ಸಿಲೂಯೆಟ್, ಅಂದರೆ ಉಡುಪಿನ ಹೊರ ಆಕಾರದ ಬಗ್ಗೆ ಸದ್ಯ ಇಷ್ಟೇ. ಭುಜ, ಸೊಂಟ, ಅಂಚು, ಮೂರು ಕಡೆ ಗೆರೆ ಎಳೆದು ಅಗಲದ ಅನುಪಾತ ನೋಡುತ್ತಿದ್ದೇನೆ. ಮಾಡೆಲ್ ದಾಪುಗಾಲು ಹಾಕಿದ ಫೋಟೋ ಬಂದರೆ ಎಲ್ಲಾ ಪ್ಯಾಂಟೂ ಅಗಲ ಅನ್ನಿಸುತ್ತೆ, ಜೋಪಾನ. ಹೇಗಿದ್ದರೂ ಆಕಾರ ಬಣ್ಣಕ್ಕಿಂತ ನಿಧಾನ. ಎರಡು ಸೀಸನ್ ಹೋಲಿಸಿದರೆ ಏನೂ ಕಾಣಲ್ಲ, ಐದಾರಾದರೂ ಬೇಕು.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳಬೇಕು. ನಿಜವಾದ ಫೋರ್‌ಕಾಸ್ಟರ್‌ಗಳು ರನ್‌ವೇಗೆ ಕಾಯುವುದಿಲ್ಲ. ನೂಲಿಗೆ ಬಣ್ಣ ಹಾಕಿ, ನೇಯ್ದು, ಹೊಲಿಯೋಕೆ ಸಮಯ ಬೇಕಲ್ಲ, ಅದಕ್ಕೆ ಹಲವು ದೇಶಗಳ ಬಣ್ಣ ತಜ್ಞರು ಸೇರುವ ಇಂಟರ್‌ಕಲರ್‌ನಂಥ ಸಭೆಗಳಲ್ಲಿ ಸುಮಾರು ಎರಡು ವರ್ಷ ಮೊದಲೇ ಬಣ್ಣ ಚರ್ಚಿಸುತ್ತಾರೆ. ಅವರಿಗೆ ಶೋ ಅಂದರೆ ಉತ್ತರ ತಾಳೆ ನೋಡುವ ಜಾಗ, ನನಗೆ ಪ್ರಶ್ನೆಪತ್ರಿಕೆ.

ಪ್ಯಾಲೆಟ್ ಬಂತಲ್ಲ ಅಂತ ಎರಡು ಮೀಟರ್ ಕಾಟನ್ ಪಾಪ್ಲಿನ್‌ಗೆ ಬಣ್ಣ ಹಾಕಿಸಿದೆ. ಅಂಗಡಿಯ ಎಲ್‌ಇಡಿ ಬೆಳಕಲ್ಲಿ ಸ್ಯಾಂಪಲ್ ತುಂಡಿಗೂ ಬಟ್ಟೆಗೂ ಒಂದೇ ಬಣ್ಣ. ಬಸ್ ಸ್ಟಾಪಿನ ಬಿಸಿಲಲ್ಲಿ ಪಕ್ಕಾ ಬದನೆಕಾಯಿ! ಡೈಗಳ ಮಿಶ್ರಣ ಬೇರೆಯಾದರೆ ಒಂದು ಬೆಳಕಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದಲ್ಲ, ಮೆಟಾಮೆರಿಸಂ ಅನ್ನೋದು ಇದನ್ನೇ. ವಾಪಸ್ ಹೋಗಿ ಕೇಳಿದರೆ, "ಒಂದ್ ಸಲ ಒಗೀರಿ ಮೇಡಂ, ಸರಿ ಹೋಗುತ್ತೆ" ಅಂದರು. ಒಗೆದೆ. ಬಕೆಟ್ ನೀರು ಅಪ್ಪಟ ಬರ್ಗಂಡಿ.

ಮುಂದಿನ ಪ್ರಾಜೆಕ್ಟ್ ತಲೆಯಲ್ಲಿ ಆಗಲೇ ಓಡುತ್ತಿದೆ. ಮನೆಯ ಮದುವೆ ಆಲ್ಬಮ್‌ಗಳಲ್ಲಿ ಇಳಕಲ್ ಸೀರೆಯ ಮೈಬಣ್ಣ ದಶಕದಿಂದ ದಶಕಕ್ಕೆ ಹೇಗೆ ಬದಲಾಯ್ತು ಅಂತ ಎಣಿಸುವುದು. ನಿನ್ನೆ ಅಟ್ಟದಿಂದ ಮೊದಲ ಆಲ್ಬಮ್ ಇಳಿಸಿದೆ. ಪೂರ್ತಿ ಬ್ಲ್ಯಾಕ್ ಆ್ಯಂಡ್ ವೈಟ್. ಭಾನುವಾರ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸೀರೆಯ ಬಣ್ಣ ಕೇಳಬೇಕು.