ಸಿಟಿಸಿ ಜಾಸ್ತಿ, ಕೈಗೆ ಕಮ್ಮಿ

2025ರ ಜುಲೈ ತಿಂಗಳ ಒಂದು ಶುಕ್ರವಾರ. ಸಂಜೆ ವಿಜಯನಗರದ ಸ್ಟಾಪಿನಲ್ಲಿ ಬಸ್ಸಿಂದ ಇಳಿಯುವಷ್ಟರಲ್ಲಿ ಎಚ್‌ಆರ್ ಮೇಡಂ ಫೋನ್ ಬಂತು. "ಕಂಗ್ರಾಜುಲೇಷನ್ಸ್, ಸೆಲೆಕ್ಟ್ ಆಗಿದ್ದೀರಿ. 10 ಲಕ್ಷ 20 ಸಾವಿರ ಕೊಡ್ತಿದ್ದೀವಿ. ನಿಮಗೆ 21 ಪರ್ಸೆಂಟ್ ಹೈಕ್. ಸೋಮವಾರದೊಳಗೆ ಒಪ್ಪಿಗೆ ಕಳಿಸಿ" ಅಂದರು.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು 12 ಲಕ್ಷ. ಆಗ ಇದ್ದ ಕೆಲಸದಲ್ಲಿ ಸಿಟಿಸಿ 8 ಲಕ್ಷ 40 ಸಾವಿರ. ಟೆಸ್ಟಿಂಗ್ ಕೆಲಸದಲ್ಲಿ ನಾಲ್ಕು ವರ್ಷ ಕಳೆದಿತ್ತು. ನನ್ನ ಜೊತೆ ಕೆಲಸ ಶುರು ಮಾಡಿದ ಇಬ್ಬರು ಬೇರೆ ಕಡೆ 12ರ ಆಸುಪಾಸಿನಲ್ಲಿದ್ದರು. ಸುಮ್ನೆ ಹಾರಿಸಿದ ನಂಬರ್ ಅಲ್ಲ ಅದು.

ತಪ್ಪು ಆಗಿದ್ದು ಮೊದಲನೇ ಕಾಲ್‌ನಲ್ಲೇ. ಮೂರು ವಾರದ ಹಿಂದೆ "ಈಗ ಎಷ್ಟಿದೆ, ಎಷ್ಟು ಬೇಕು" ಅಂತ ಕೇಳಿದಾಗ ಈಗಿನದ್ದನ್ನು ಪೈಸೆ ಸಮೇತ ಹೇಳಿ, ಬೇಕಾದ್ದಕ್ಕೆ ಮಾತ್ರ "ನಿಮ್ಮ ಕಂಪನಿ ನಿಯಮದ ಪ್ರಕಾರ ನೋಡಿ" ಅಂದಿದ್ದೆ. ವಿನಯ ಅಂದುಕೊಂಡು ಆಡಿದ ಮಾತು. ಅವರ ಮುಂದೆ ಇದ್ದದ್ದು ನನ್ನ ಹಳೇ ಸಂಬಳ ಒಂದೇ. ಅದರ ಮೇಲೆ ಇಪ್ಪತ್ತು ಪರ್ಸೆಂಟ್ ಚಿಲ್ಲರೆ ಸೇರಿಸಿದರು.

ಆವತ್ತು ಫೋನಿನಲ್ಲಿ ಒಂದು ಮಾತು ಮಾತ್ರ ಸರಿಯಾಗಿ ಆಡಿದೆ. "ತುಂಬಾ ಥ್ಯಾಂಕ್ಸ್ ಮೇಡಂ. ಸ್ಯಾಲರಿ ಬ್ರೇಕಪ್ ಕಳಿಸ್ತೀರಾ? ನೋಡಿಕೊಂಡು ಸೋಮವಾರ ಮಾತಾಡ್ತೀನಿ" ಅಂದೆ. ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ನಾವಿರುವ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಹನ್ನೆರಡು ವರ್ಷದಿಂದ ಪೇರೋಲ್ ಕೆಲಸ ಮಾಡುತ್ತಾರೆ. ಶನಿವಾರ ಬೆಳಿಗ್ಗೆ ಬ್ರೇಕಪ್ ಮೇಲ್ ಬಂದ ತಕ್ಷಣ ಫೋನ್ ಹಿಡಿದು ಅವರ ಮನೆಗೆ ಹೋದೆ. ಅವರು ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ತಟ್ಟೆ ಪಕ್ಕಕ್ಕೆ ಸರಿಸಿ, ಮಗನ ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದು, ನಡುವೆ ಒಂದು ಗೆರೆ ಎಳೆದರು. ಎಡಕ್ಕೆ ಹಳೇ ಕೆಲಸ, ಬಲಕ್ಕೆ ಹೊಸದು.

"ಸಿಟಿಸಿ ಅಂದ್ರೆ ಕಂಪನಿಗೆ ನಿನ್ನಿಂದ ಆಗೋ ಖರ್ಚು. ನಿನ್ನ ಸಂಬಳ ಅಲ್ಲ" ಅಂತ ಶುರು ಮಾಡಿದರು.

ಹಳೇ ಕಡೆ ಲೆಕ್ಕ ಸರಳವಾಗಿತ್ತು. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800 ಮಾತ್ರ, ಅಂದರೆ ಕಾನೂನಿನ 15,000ದ ಮಿತಿಗೆ 12 ಪರ್ಸೆಂಟ್. ಅದು ಬಿಟ್ಟರೆ ಎಲ್ಲಾ ಸಂಬಳವೇ. ನನ್ನ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಕೈಗೆ 66,200 ಬರುತ್ತಿತ್ತು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಆ ವರ್ಷದಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಎರಡೂ ಕಡೆ ಆ ತಲೆನೋವು ಇರಲಿಲ್ಲ.

ಹೊಸ ಕಡೆ ಅಕ್ಕ ಒಂದೊಂದೇ ಸಾಲು ಕಳೆಯುತ್ತಾ ಬಂದರು. 10 ಲಕ್ಷ 20 ಸಾವಿರದಲ್ಲಿ ಹತ್ತು ಪರ್ಸೆಂಟ್ ವೇರಿಯಬಲ್. ಅದು ವರ್ಷದ ಕೊನೆಗೆ, ಕಂಪನಿ ಚೆನ್ನಾಗಿದ್ದರೆ, ನಾನೂ ಆಗ ಅಲ್ಲೇ ಇದ್ದರೆ ಬರುವ ದುಡ್ಡು. ಬೇಸಿಕ್ ತಿಂಗಳಿಗೆ 42,500. ಈ ಕಂಪನಿ ಪೂರ್ತಿ ಬೇಸಿಕ್ಕಿನ ಮೇಲೆ ಪಿಎಫ್ ಕಟ್ಟುತ್ತದೆ, ಅದು ವರ್ಷಕ್ಕೆ 61,200. ಆಮೇಲೆ ಗ್ರಾಚುಟಿ 24,531, ಇನ್ಶೂರೆನ್ಸ್ 12,000. ಎಲ್ಲಾ ಕಳೆದು ಹನ್ನೆರಡರಿಂದ ಭಾಗಿಸಿ, ನನ್ನ ಪಾಲಿನ ಪಿಎಫ್ 5,100 ಮತ್ತು ಪ್ರೊಫೆಷನಲ್ ಟ್ಯಾಕ್ಸ್ ತೆಗೆದರು. ಕೆಳಗೆ ಬಂದ ಅಂಕಿಗೆ ಎರಡು ಸಲ ಗೆರೆ ಹಾಕಿದರು.

63,056.

21 ಪರ್ಸೆಂಟ್ ಹೈಕ್ ಅಂತ ಕರೆದದ್ದರಲ್ಲಿ ನನ್ನ ಕೈಗೆ ಬರೋದು ತಿಂಗಳಿಗೆ 3,144 ರೂಪಾಯಿ ಕಮ್ಮಿ. ಅದರ ಮೇಲೆ ಹೊಸ ಆಫೀಸು ವೈಟ್‌ಫೀಲ್ಡಿನಲ್ಲಿ. ಮೆಟ್ರೋಗೇ ದಿನಕ್ಕೆ 150 ರೂಪಾಯಿ ಮೇಲೆ ಹೋಗುತ್ತದೆ. ನನಗೆ ಸಿಟ್ಟು ಬಂತು. ಮೋಸ ಮಾಡ್ತಿದ್ದಾರೆ ಅಂದುಬಿಟ್ಟೆ.

"ಮೋಸ ಅಲ್ಲ ಕಣೇ" ಅಂದರು ಅಕ್ಕ. "ಪಿಎಫ್ ಎಲ್ಲೂ ಹೋಗಲ್ಲ. ನಿಂದು, ಕಂಪನೀದು ಎರಡೂ ಸೇರಿ ತಿಂಗಳಿಗೆ ಹತ್ತು ಸಾವಿರದ ಮೇಲೆ ನಿನ್ನ ಹೆಸರಲ್ಲೇ ಕೂತಿರುತ್ತೆ. ಅದನ್ನ ಮುಟ್ಟಬೇಡ. ಗ್ರಾಚುಟಿ ಬೇರೆ. ವರ್ಷಕ್ಕೆ 15 ದಿನದ ಬೇಸಿಕ್ ಅಂತ ಲೆಕ್ಕ. ನಿನ್ನ ಥರ ಪರ್ಮನೆಂಟ್ ಕೆಲಸದೋರಿಗೆ ಐದು ವರ್ಷ ತುಂಬಿದ ಮೇಲೆ ಸಿಗೋದು. ನಾಲ್ಕನೇ ವರ್ಷ ಬಿಟ್ಟು ಬಂದರೆ ಆ ಸಾಲು ನಿನ್ನದಲ್ಲ. ವೇರಿಯಬಲ್ಲೂ ಅಷ್ಟೇ, ಬರೋತನಕ ನಿನ್ನದಲ್ಲ. ಆದರೆ ಗ್ರಾಚುಟಿ ತೆಗೀರಿ ಅಂತ ಕೇಳಬೇಡ. ಎಲ್ಲರಿಗೂ ಒಂದೇ ಸ್ಟ್ರಕ್ಚರ್ ಇರುತ್ತೆ, ಆ ಎಚ್‌ಆರ್ ಹುಡುಗಿ ಕೈಲಿ ಅದು ಇರಲ್ಲ. ಅವಳ ಕೈಲಿರೋದು ಒಟ್ಟು ಮೊತ್ತ, ಅದೂ ಆ ಹುದ್ದೆಗೆ ಇಟ್ಟಿರೋ ಬ್ಯಾಂಡಿನೊಳಗೆ. ಮತ್ತೆ ವೇರಿಯಬಲ್ ಎಷ್ಟು ಅನ್ನೋದು. ಆ ಎರಡನ್ನೇ ಹಿಡಿ."

ಅವತ್ತಿನವರೆಗೆ ನಾನು ಸಂಬಳ ಕೇಳೋದು ಅಂದರೆ ಒಂದು ದೊಡ್ಡ ನಂಬರ್ ಹೇಳಿ ಎಳೆದಾಡೋದು ಅಂದುಕೊಂಡಿದ್ದೆ. ಯಾವ ಸಾಲು ಯಾರ ಕೈಲಿದೆ ಅಂತ ಯೋಚಿಸಿರಲೇ ಇಲ್ಲ.

ಭಾನುವಾರ ಅದೇ ಹಾಳೆ ಇಟ್ಟುಕೊಂಡು ಕೂತೆ. ಕೇಳುವುದು 12 ಲಕ್ಷ, ವೇರಿಯಬಲ್ ಅದರ ಹೊರಗೆ. ಕೈಗೆ 74,000ಕ್ಕಿಂತ ಕಮ್ಮಿ ಬಂದರೆ ಇದ್ದಲ್ಲೇ ಇರುವುದು. ಈ ಎರಡನೇ ಅಂಕಿ ಯಾರಿಗೂ ಹೇಳುವುದಕ್ಕಲ್ಲ, ನನಗಾಗಿ. ಅದು ಬರೆದಿಡದೆ ಹೋಗಿದ್ದರೆ ಸೋಮವಾರ ಮೊದಲ ಸಿಹಿ ಮಾತಿಗೇ ಒಪ್ಪಿಬಿಡುತ್ತಿದ್ದೆ.

ಕಾರಣ ಏನು ಹೇಳಬೇಕು ಅನ್ನೋದು ಇನ್ನೂ ಕಷ್ಟ. ಊರಿನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಇತ್ತು, ಮನೆ ಬಾಡಿಗೆ ಏರಿತ್ತು. ಅದೆಲ್ಲ ನನ್ನ ಖರ್ಚು, ಅವರು ನೋಡುವುದು ನನ್ನ ಕೆಲಸದ ಬೆಲೆಯನ್ನ. ಇಂಟರ್‌ವ್ಯೂನಲ್ಲಿ ಅಲ್ಲಿನ ಮ್ಯಾನೇಜರ್ ಸರ್ ಒಂದು ಮಾತು ಹೇಳಿದ್ದರು. ಪ್ರತಿ ರಿಲೀಸಿಗೆ ಮುಂಚೆ ಹಳೇ ಟೆಸ್ಟುಗಳನ್ನೆಲ್ಲ ಕೈಯಲ್ಲೇ ಮಾಡುತ್ತೇವೆ, ನಾಲ್ಕು ದಿನ ಹಿಡಿಯುತ್ತೆ, ಅದಕ್ಕೇ ಆಟೊಮೇಷನ್ ಗೊತ್ತಿರೋರು ಬೇಕು ಅಂತ. ನಾನು ಈಗಿನ ಕೆಲಸದಲ್ಲಿ ಮಾಡಿದ್ದೇ ಅದು. ಮೂರು ದಿನದ ಟೆಸ್ಟಿಂಗನ್ನು ಐದು ಗಂಟೆಗೆ ಇಳಿಸಿದ್ದೆ. ಅದನ್ನು ಎರಡು ವಾಕ್ಯದಲ್ಲಿ ಬರೆದುಕೊಂಡೆ.

ಸೋಮವಾರ ಹನ್ನೊಂದು ಗಂಟೆಗೆ ಆಫೀಸಿನ ಮೆಟ್ಟಿಲ ಹತ್ತಿರ ನಿಂತು ಫೋನ್ ಮಾಡಿದೆ.

"ಮೇಡಂ, ನಿಮ್ಮ ಟೀಮ್ ನನಗೆ ತುಂಬಾ ಇಷ್ಟ ಆಗಿದೆ, ಸೇರೋಕೆ ಮನಸ್ಸಿದೆ. ಬ್ರೇಕಪ್ ನೋಡಿದೆ. ತಿಂಗಳಿಗೆ ಬರೋ ಫಿಕ್ಸೆಡ್ ಮೊತ್ತ ಈಗಿನಷ್ಟೇ ಇದೆ, 68 ಸಾವಿರ. ಕೈಗೆ ಬರೋದು ಈಗಿನದಕ್ಕಿಂತ ಕಮ್ಮಿ ಆಗುತ್ತೆ." ಆಮೇಲೆ ಆ ಎರಡು ವಾಕ್ಯ ಹೇಳಿದೆ. "ಇದಕ್ಕೆ ಸಿಟಿಸಿ 12 ಲಕ್ಷ, ವೇರಿಯಬಲ್ ಅದರ ಮೇಲೆ ಅಂತ ಕೇಳ್ತಿದ್ದೀನಿ."

ಹೇಳಿ ಸುಮ್ಮನಾದೆ. ಆ ಕಡೆಯಿಂದ ಕೀಬೋರ್ಡ್ ಒತ್ತುವ ಸದ್ದು ಮಾತ್ರ. ನನ್ನ ಕೈಲಿದ್ದ ಪೆನ್ನಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಗುರಿನ ಕೆಳಗೆ ಕೆಂಪಾಗಿತ್ತು. "ಪರವಾಗಿಲ್ಲ ಮೇಡಂ, 11 ಆದ್ರೂ ಓಕೆ" ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತು ಬಿಟ್ಟಿದ್ದರೆ ಅಲ್ಲೇ ಒಂದು ಲಕ್ಷ ಹೋಗುತ್ತಿತ್ತು, ಅವರು ಇನ್ನೂ ಏನೂ ಕೇಳುವ ಮೊದಲೇ.

"12 ಆಗಲ್ಲ" ಅಂದರು ಕೊನೆಗೆ. "ಆ ಗ್ರೇಡಿನಲ್ಲಿ ಈಗಾಗಲೇ ಇರೋರಿಗಿಂತ ಜಾಸ್ತಿ ಆಗಿಬಿಡುತ್ತೆ. ಬೇಕಾದ್ರೆ 50 ಸಾವಿರ ಜಾಯ್ನಿಂಗ್ ಬೋನಸ್ ಕೊಡಬಹುದು."

ಕೇಳೋಕೆ ಚೆನ್ನಾಗಿತ್ತು. ಆದರೆ ಅದು ಒಂದೇ ಸಲ ಬರೋ ದುಡ್ಡು. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಕೇಳಿದ ಮೇಲೆ ಹೇಳಿದರು. ಮುಂದಿನ ವರ್ಷದ ಇನ್ಕ್ರಿಮೆಂಟ್ ಲೆಕ್ಕ ಹಾಕೋದು ಫಿಕ್ಸೆಡ್ ಮೇಲೆ, ಬೋನಸ್ ಮೇಲಲ್ಲ. "ಬೋನಸ್ ಬೇಡ ಮೇಡಂ, ಅದನ್ನ ಫಿಕ್ಸೆಡ್‌ಗೆ ತಿರುಗಿಸೋಕೆ ಆಗುತ್ತಾ? ವೇರಿಯಬಲ್ ಕಮ್ಮಿ ಮಾಡಿದ್ರೂ ಸರಿ. ಕಳೆದ ಎರಡು ವರ್ಷ ವೇರಿಯಬಲ್ ಎಷ್ಟು ಪರ್ಸೆಂಟ್ ಕೊಟ್ಟಿದ್ದೀರಿ?" ಅಂದೆ. ಒಂದು ವರ್ಷ ಪೂರ್ತಿ, ಒಂದು ವರ್ಷ ಅರವತ್ತು ಪರ್ಸೆಂಟ್ ಅಂತ ಅವರೇ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಮ್ಯಾನೇಜರ್ ಹತ್ತಿರ ಮಾತಾಡಿ ಹೇಳ್ತೀನಿ ಅಂದು ಇಟ್ಟರು. ನಾನು ಮಾತಾಡಿದ್ದನ್ನೆಲ್ಲ ಐದು ಸಾಲಿನ ಮೇಲ್ ಮಾಡಿ ಕಳಿಸಿದೆ. ಮ್ಯಾನೇಜರ್ ಹತ್ತಿರ ಹೋಗುವಾಗ ಅವರ ಕೈಲಿ ಅದಿರಲಿ ಅಂತ.

ಮಂಗಳವಾರ ಪೂರ್ತಿ ಫೋನ್ ಬರಲಿಲ್ಲ. ಇರೋ ಆಫರ್ರೂ ಹೋಯ್ತೇನೋ ಅನ್ನೋ ಭಯ ಆಯಿತು. ಮೂರು ಸಲ ಮೇಲ್ ಬರೆಯೋಕೆ ಕೂತು ಅಳಿಸಿದೆ. ಅಕ್ಕ ಮಾತ್ರ "ಒಪ್ಪಿಗೆ ಬರೋಕೆ ಇಬ್ಬರು ಮೂವರ ಟೇಬಲ್ ದಾಟಬೇಕು, ಎರಡು ದಿನ ಹಿಡಿಯುತ್ತೆ" ಅಂದರು.

ಬುಧವಾರ ಸಂಜೆ ಫೋನ್. "11 ಲಕ್ಷ 40 ಸಾವಿರ, ವೇರಿಯಬಲ್ ಐದು ಪರ್ಸೆಂಟ್. ಇದೇ ಕೊನೆ." ಗ್ರಾಚುಟಿ, ಇನ್ಶೂರೆನ್ಸ್ ಎರಡೂ ಒಳಗೇ ಇದ್ದವು. ಫೋನ್ ಇಡದೆ ಆ ಹಾಳೆಯ ಮೇಲೆ ಲೆಕ್ಕ ಹಾಕಿದೆ. ಕೈಗೆ 75,365. ನಾನು ಬರೆದಿಟ್ಟ ಗೆರೆಯ ಮೇಲಿತ್ತು. ಮತ್ತೆ ಎಳೆಯಲಿಲ್ಲ. "ಆಯ್ತು ಮೇಡಂ. ಹೊಸ ಲೆಟರ್ ಕಳಿಸಿ, ನೋಡಿದ ತಕ್ಷಣ ಸೈನ್ ಮಾಡ್ತೀನಿ" ಅಂದೆ.

ಲೆಟರ್ ಬಂದಿದ್ದು ಶುಕ್ರವಾರ. ಅಲ್ಲಿಯವರೆಗೆ ಈಗಿನ ಆಫೀಸಿನಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ, ರಾಜೀನಾಮೆ ಕೊಡಲಿಲ್ಲ. ಮೊದಲನೇ ಪುಟ ದಾಟಿ ಸೀದಾ ಬ್ರೇಕಪ್ ಇದ್ದ ಪುಟಕ್ಕೆ ಹೋದೆ. ವೇರಿಯಬಲ್ ಸಾಲಿನಲ್ಲಿ 1,14,000 ಅಂತಿತ್ತು. ಹಳೇ ಹತ್ತು ಪರ್ಸೆಂಟೇ ಹಾಗೇ ಉಳಿದುಬಿಟ್ಟಿತ್ತು. ಎದೆ ಧಸಕ್ಕಂತು. ತಕ್ಷಣ ಮೇಲ್ ಹಾಕಿದೆ, ಬುಧವಾರದ ಮಾತನ್ನು ನೆನಪಿಸಿ. ಅರ್ಧ ಗಂಟೆಯಲ್ಲಿ ಮೇಡಂ ಸಾರಿ ಕೇಳಿ ತಿದ್ದಿ ಕಳಿಸಿದರು. 57,000.

ಅವತ್ತು ರಾತ್ರಿ ಮೇಲೆ ಹೋಗಿ ಅಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೆಳಗಿನವರೆಗೆ ಓದಿದರು. ಆಮೇಲೆ ಫೋನ್ ವಾಪಸ್ ಕೊಟ್ಟು, "ಈಗ ಸೈನ್ ಮಾಡು. ನಾಳೆ ಅಲ್ಲಿ ಕೆಲಸ ಬಿಡ್ತೀನಿ ಅಂತ ಹೇಳು" ಅಂದರು.